ಊರಿಗೆ ಮರಳುವಾಗ ಯಾವ ದುಡ್ಡು ಯಾವಾಗ?

(ಮಾತಾಡುತ್ತಿರುವವರು ಇಬ್ಬರು. ಒಬ್ಬರು ಮೈಸೂರಿನಲ್ಲಿ ಬಹುಕಾಲದಿಂದ ಆಡಿಟರ್ ಆಗಿರುವವರು. ಇನ್ನೊಬ್ಬಳು ಅವರ ಅಣ್ಣನ ಮಗಳು. ಹದಿನಾಲ್ಕು ವರ್ಷದಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದು, ಈಗ ಸಂಸಾರ ಸಮೇತ ಊರಿಗೆ ಹೊರಟಿದ್ದಾಳೆ.)

ಮಗಳು: ಚಿಕ್ಕಪ್ಪ, 2026ರ ಜೂನ್ 15ಕ್ಕೆ ಬೆಂಗಳೂರಿಗೆ ಬಂದಿಳಿಯುತ್ತೇವೆ. ಮಗನ ಶಾಲೆಗೆ ತಡವಾಗಬಾರದು ಅಂತ ಆ ದಿನವೇ ಗೊತ್ತು ಮಾಡಿದ್ದು. ಬರುವ ಮುಂಚೆ ಇಲ್ಲಿನ ಖಾತೆಗಳನ್ನೆಲ್ಲ ಮುಚ್ಚಿ, ಷೇರು ಮಾರಿ, 401ಕೆ ಬಿಡಿಸಿಕೊಂಡು, ಅಷ್ಟನ್ನೂ ಒಂದೇ ಸಲ ಊರಿಗೆ ಕಳಿಸಿಬಿಡೋಣ ಅಂತಿದ್ದೇನೆ. ಎರಡು ದೇಶದ ಲೆಕ್ಕ ಇಟ್ಟುಕೊಂಡು ಒದ್ದಾಡುವುದು ತಪ್ಪುತ್ತೆ.

ಚಿಕ್ಕಪ್ಪ: ಒಂದೇ ಸಲ ಅಂದೆಯಲ್ಲ, ಅಲ್ಲೇ ನಿನ್ನ ದುಡ್ಡು ಸೋರುವುದು. ನಿನ್ನ ಹತ್ತಿರ ಇರುವುದು ಒಂದೇ ಬಗೆಯ ದುಡ್ಡಲ್ಲ. ಕೆಲವಕ್ಕೆ ನೀನು ಬಂದ ದಿನವೇ ಕಾನೂನು ಬದಲಾಗುತ್ತದೆ. ಕೆಲವನ್ನು ಕೆಲವು ತಿಂಗಳು ಕಾದು ಮಾರಿದರೆ ಎರಡೂ ದೇಶದಲ್ಲಿ ತೆರಿಗೆ ಬೀಳುವುದಿಲ್ಲ. ಇನ್ನು ಕೆಲವನ್ನು ಹತ್ತು ಹದಿನೈದು ವರ್ಷ ಮುಟ್ಟದೆ ಇರುವುದೇ ಲಾಭ. ಏನೇನಿದೆ, ಎಷ್ಟೆಷ್ಟಿದೆ, ಮೊದಲು ಹೇಳು.

ಮಗಳು: ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಖಾತೆ ಇದೆ, ಅದರಲ್ಲಿ 40 ಲಕ್ಷ ರೂಪಾಯಿ ಎಫ್‌ಡಿ. ಜೊತೆಗೆ ಡಾಲರಿನಲ್ಲೇ ಇಟ್ಟ ಒಂದು ಎಫ್‌ಸಿಎನ್‌ಆರ್ ಠೇವಣಿ. ಅಮೆರಿಕದಲ್ಲಿ ಬ್ರೋಕರೇಜ್ ಖಾತೆಯಲ್ಲಿ 1,80,000 ಡಾಲರಿನ ಇಂಡೆಕ್ಸ್ ಫಂಡುಗಳಿವೆ, ಅದರಲ್ಲಿ 70,000 ಡಾಲರ್ ಲಾಭ. 401ಕೆಯಲ್ಲಿ 2,60,000 ಡಾಲರ್. ರಾತ್ ಐಆರ್‌ಎಯಲ್ಲಿ 35,000, ಅದರಲ್ಲಿ ನಾನು ಹಾಕಿದ್ದು 24,000. ನನಗೀಗ ನಲವತ್ತೊಂದು.

ಚಿಕ್ಕಪ್ಪ: ಗ್ರೀನ್ ಕಾರ್ಡ್ ಇಲ್ಲ ತಾನೆ?

ಮಗಳು: ಇಲ್ಲ. ಸರದಿಯಲ್ಲೇ ಇದ್ದೇವೆ, ಅದಿನ್ನೂ ಬರುವ ಲಕ್ಷಣ ಇಲ್ಲ.

ಚಿಕ್ಕಪ್ಪ: ಹಾಗಿದ್ದರೆ ನಾನು ಮುಂದೆ ಹೇಳುವುದೆಲ್ಲ ನಿನಗೆ ಸಲ್ಲುತ್ತದೆ. ಅಮೆರಿಕದ ಪೌರರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಸಲ್ಲುವುದಿಲ್ಲ. ಅವರು ಮೈಸೂರಿನಲ್ಲಿ ಕೂತಿದ್ದರೂ ಜಗತ್ತಿನ ಎಲ್ಲ ಆದಾಯಕ್ಕೂ ಅಮೆರಿಕ ತೆರಿಗೆ ಕೇಳುತ್ತದೆ. ನಿನ್ನಂಥವರು ಆ ದೇಶ ಬಿಟ್ಟ ಮೇಲೆ ಅಲ್ಲಿನ ತೆರಿಗೆಗೆ ಅನಿವಾಸಿ ಆಗುತ್ತೀರಿ. ಇಲ್ಲಿನ ತೆರಿಗೆ ಕಾನೂನು ಕೂಡ, ವರ್ಷಗಟ್ಟಲೆ ಹೊರಗಿದ್ದು ಬಂದವರ ವಿದೇಶಿ ಆದಾಯಕ್ಕೆ ಬಂದ ತಕ್ಷಣ ಕೈ ಹಾಕುವುದಿಲ್ಲ. ಎರಡೂ ಕಡೆಯವರು ಸುಮ್ಮನಿರುವ ಒಂದು ಅವಧಿ ನಿನಗೆ ಸಿಗುತ್ತದೆ. ಅದು ಎಂದು ಶುರುವಾಗಿ ಎಂದು ಮುಗಿಯುತ್ತದೆ ಅಂತ ಲೆಕ್ಕ ಹಾಕಿದರೆ ಉಳಿದದ್ದೆಲ್ಲ ತಾನಾಗಿ ಸಾಲಿಗೆ ಬರುತ್ತದೆ.

ಮಗಳು: ಆರ್‌ಎನ್‌ಓಆರ್ ಅನ್ನುತ್ತಾರಲ್ಲ, ಅದೇನಾ?

ಚಿಕ್ಕಪ್ಪ: ಅದೇ. ನಿವಾಸಿ ಹೌದು, ಆದರೆ ಸಾಮಾನ್ಯ ನಿವಾಸಿ ಅಲ್ಲ ಅನ್ನುವ ಮಧ್ಯದ ದರ್ಜೆ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಈ ದರ್ಜೆ ಹಾಗೇ ಉಳಿದಿದೆ. ಈ ದರ್ಜೆಯಲ್ಲಿ ಇರುವವರೆಗೆ ಭಾರತದಲ್ಲಿ ಹುಟ್ಟಿದ ಆದಾಯಕ್ಕೆ, ಭಾರತದಲ್ಲೇ ಮೊದಲು ಕೈಗೆ ಬಂದ ಆದಾಯಕ್ಕೆ ತೆರಿಗೆ. ಹೊರಗೆ ಹುಟ್ಟಿ, ಹೊರಗಿನ ಖಾತೆಗೇ ಬಂದ ಬಡ್ಡಿ, ಲಾಭಾಂಶ, ಷೇರಿನ ಲಾಭಕ್ಕೆ ಇಲ್ಲಿ ತೆರಿಗೆ ಇಲ್ಲ.

ಮಗಳು: ಎಲ್ಲರಿಗೂ ಎರಡು ವರ್ಷ ಸಿಗುತ್ತೆ ಅಂತ ಸ್ನೇಹಿತರು ಹೇಳ್ತಾರೆ, ಕೆಲವರು ಮೂರು ಅಂತಾರೆ.

ಚಿಕ್ಕಪ್ಪ: ಇಬ್ಬರೂ ಅವರವರ ಲೆಕ್ಕ ಹೇಳುತ್ತಿದ್ದಾರೆ. ನಿನ್ನದನ್ನು ನಿನ್ನ ಪಾಸ್‌ಪೋರ್ಟಿನ ಮುದ್ರೆಗಳಿಂದಲೇ ಹಾಕಬೇಕು. ಕಾಗದ ಪೆನ್ನು ತಗೋ. ನಮ್ಮ ತೆರಿಗೆ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಜೂನ್ 15ರಿಂದ ಮಾರ್ಚ್ 31ರವರೆಗೆ 290 ದಿನ. 182 ದಾಟಿತು, ಹಾಗಾಗಿ 2026-27ರಲ್ಲೇ ನೀನು ನಿವಾಸಿ. ಇನ್ನು ಆರ್‌ಎನ್‌ಓಆರ್ ಆಗಲು ಎರಡು ದಾರಿ ಇವೆ, ಯಾವುದಾದರೂ ಒಂದು ಸಾಕು. ಮೊದಲ ದಾರಿ, ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿರಬೇಕು. ನೀನು ಹತ್ತೂ ವರ್ಷ ಅನಿವಾಸಿ, ಹಾಗಾಗಿ ಮೊದಲ ವರ್ಷ ಪಾಸು. ಮುಂದಿನ ವರ್ಷ, 2027-28ಕ್ಕೆ ಹಿಂದೆ ನೋಡಿದರೆ ಒಂಬತ್ತು ಅನಿವಾಸಿ, ಒಂದು ನಿವಾಸಿ. ಅದೂ ಪಾಸು.

ಮಗಳು: ಮೂರನೆಯ ವರ್ಷಕ್ಕೆ ಎಂಟೇ ಉಳಿಯುತ್ತೆ.

ಚಿಕ್ಕಪ್ಪ: ಅಲ್ಲಿಗೆ ಮೊದಲ ದಾರಿ ಮುಚ್ಚಿತು. ಆಗ ಎರಡನೆಯದನ್ನು ನೋಡಬೇಕು. ಹಿಂದಿನ ಏಳು ವರ್ಷದಲ್ಲಿ ಭಾರತದಲ್ಲಿ ಕಳೆದ ದಿನಗಳು 729 ಅಥವಾ ಅದಕ್ಕಿಂತ ಕಡಿಮೆ ಇರಬೇಕು. 2028-29ಕ್ಕೆ ಹಿಂದಿನ ಏಳು ವರ್ಷ ಅಂದರೆ 2021-22ರಿಂದ 2027-28. ಕೊನೆಯ ಎರಡು ವರ್ಷದ್ದು ಗೊತ್ತೇ ಇದೆ. 290 ದಿನ ಒಂದು, ಮುಂದಿನದು ಪೂರ್ತಿ ವರ್ಷ. 2028 ಅಧಿಕ ವರ್ಷ, ಫೆಬ್ರವರಿಗೆ 29 ದಿನ, ಹಾಗಾಗಿ 366. ಎರಡೂ ಸೇರಿ 656. ಉಳಿದದ್ದು 73 ದಿನ. ಅದಕ್ಕೂ ಹಿಂದಿನ ಐದು ವರ್ಷದಲ್ಲಿ ರಜೆಗೆ ಅಂತ ಬಂದಿದ್ದೆಯಲ್ಲ, ಆ ದಿನಗಳೆಲ್ಲ ಈ 73ರೊಳಗೆ ಹಿಡಿಸಬೇಕು.

ಮಗಳು: ತಾಳಿ, ಹೇಳ್ತೇನೆ. 2022ರ ಡಿಸೆಂಬರ್‌ನಲ್ಲಿ 19 ದಿನ ಇದ್ದೆ. ಅಪ್ಪನ ಆಪರೇಷನ್ ಆದಾಗ 26. ಹೋದ ವರ್ಷ ಮದುವೆಗೆ ಬಂದಿದ್ದು 17. ಒಟ್ಟು 62. ಬಂದ ದಿನ, ಹೊರಟ ದಿನ ಎರಡನ್ನೂ ಸೇರಿಸಿದ್ದೇನೆ.

ಚಿಕ್ಕಪ್ಪ: ಎರಡನ್ನೂ ಎಣಿಸಿಯೇ ಲೆಕ್ಕ ಇಟ್ಟುಕೋ, ಅದು ಕ್ಷೇಮ. 656ಕ್ಕೆ 62 ಸೇರಿಸಿದರೆ 718. 729ರ ಒಳಗಿದೆ. ನಿನಗೆ ಮೂರು ವರ್ಷ, 2029ರ ಮಾರ್ಚ್ 31ರವರೆಗೆ. ಆದರೆ ಉಳಿದಿರುವುದು ಹನ್ನೊಂದೇ ದಿನ. ಮನೆ ನೋಡಬೇಕು ಅಂತ ಈ ಏಪ್ರಿಲ್‌ನಲ್ಲಿ ಎರಡು ವಾರ ಬಂದುಹೋದೆ ಅಂತಿಟ್ಟುಕೋ, ಆ ಹದಿನಾಲ್ಕು ದಿನ 290ರ ಮೇಲೆ ಕೂಡಿ, ಮೂರನೆಯ ವರ್ಷ ಪೂರ್ತಿ ಕೈಬಿಡುತ್ತದೆ. ಅದೇ ನೀನು ಬಂದ ಮೇಲೆ ಹೊರದೇಶಕ್ಕೆ ಹೋಗಿ ಇದ್ದ ದಿನಗಳು ಕಳೆದು ಹೋಗುತ್ತವೆ. ನಿನ್ನ ಗಂಡನ ಲೆಕ್ಕ ಬೇರೆ. ಅವರು ಕೆಲಸದ ಮೇಲೆ ಬೆಂಗಳೂರಿಗೆ ಓಡಾಡಿದ್ದಾರಲ್ಲ, ಅವರಿಗೆ ಎರಡೇ ವರ್ಷ ಸಿಗಬಹುದು. ಒಂದೇ ಮನೆಯಲ್ಲಿದ್ದೂ ಇಬ್ಬರ ದರ್ಜೆ ಬೇರೆಯಾಗಬಹುದು.

ಮಗಳು: ಹಾಗಾದರೆ ಜೂನ್ ಬಿಟ್ಟು ಅಕ್ಟೋಬರ್‌ನಲ್ಲಿ ಬಂದರೆ ಇನ್ನೂ ಒಂದು ವರ್ಷ ಹೆಚ್ಚು ಸಿಗೋದಿಲ್ವಾ? ಮೊದಲ ವರ್ಷ ಅನಿವಾಸಿಯಾಗೇ ಉಳಿಯಬಹುದು.

ಚಿಕ್ಕಪ್ಪ: ಅಕ್ಟೋಬರ್ 2ರಂದು ಬಂದರೆ ಮಾರ್ಚ್ ಮುಗಿಯುವ ಹೊತ್ತಿಗೆ 181 ದಿನ, ನಿಜ. ಆ ವರ್ಷ ಅನಿವಾಸಿ, ಆಮೇಲೆ ಎರಡು ವರ್ಷ ಮೊದಲ ದಾರಿಯಲ್ಲಿ ಆರ್‌ಎನ್‌ಓಆರ್. ಎಲ್ಲ ಮುಗಿಯುವುದು ಅದೇ 2029ರ ಮಾರ್ಚ್‌ಗೆ. ಮೂರನೆಯ ವರ್ಷಕ್ಕೆ 729ರ ಲೆಕ್ಕ ನಿಲ್ಲುವುದಿಲ್ಲ, ಆ ಹೊತ್ತಿಗೆ ಎರಡು ಪೂರ್ತಿ ವರ್ಷ ಇಲ್ಲೇ ಇದ್ದಿರುತ್ತೀಯ. ಅಂದರೆ ನಿನ್ನ ಮಟ್ಟಿಗೆ ಜೂನ್‌ನಲ್ಲಿ ಬಂದರೂ ಅಕ್ಟೋಬರ್‌ನಲ್ಲಿ ಬಂದರೂ ಕೊನೆಯ ದಿನ ಒಂದೇ. ಮಗನ ಶಾಲೆ ನೋಡಿ ದಿನ ಗೊತ್ತು ಮಾಡಿದೆಯಲ್ಲ, ಅದೇ ಇರಲಿ.

ಮಗಳು: ಇನ್ನೊಂದು ಕೇಳಬೇಕಿತ್ತು. ಕಂಪನಿಯವರು ಆರು ತಿಂಗಳು ಮೈಸೂರಿನಿಂದಲೇ ಕೆಲಸ ಮಾಡು ಅಂದಿದ್ದಾರೆ. ಸಂಬಳ ಅಮೆರಿಕದ ಖಾತೆಗೇ ಬರುತ್ತೆ. ಅದಕ್ಕೂ ಇಲ್ಲಿ ತೆರಿಗೆ ಇಲ್ಲ ಅಲ್ವಾ?

ಚಿಕ್ಕಪ್ಪ: ಇದೆ. ಸಂಬಳ ಹುಟ್ಟುವುದು ಕೆಲಸ ಮಾಡಿದ ಜಾಗದಲ್ಲಿ. ಮೈಸೂರಿನಲ್ಲಿ ಕೂತು ಮಾಡಿದ ಕೆಲಸದ ಸಂಬಳ ಯಾವ ಖಾತೆಗೆ ಬಿದ್ದರೂ ಅದು ಭಾರತದ ಆದಾಯ. ಆರ್‌ಎನ್‌ಓಆರ್ ಅದನ್ನು ಕಾಪಾಡುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ನ್ಯೂಜೆರ್ಸಿಯಲ್ಲಿ ದುಡಿದು, ಅಲ್ಲಿನ ಖಾತೆಗೆ ಬಂದ ಸಂಬಳಕ್ಕೆ ಮಾತ್ರ ಇಲ್ಲಿ ತೆರಿಗೆ ಇಲ್ಲ.

ಮಗಳು: ಸರಿ. ಹಾಗಾದರೆ ಮೊದಲು ಏನು ಮಾಡಲಿ?

ಚಿಕ್ಕಪ್ಪ: ಮೊದಲು ಊರಿನ ಬ್ಯಾಂಕು. ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೋ. ತೆರಿಗೆ ಕಾಯ್ದೆ ದಿನ ಎಣಿಸುತ್ತದೆ, ಆದರೆ ವಿದೇಶಿ ವಿನಿಮಯದ ಕಾಯ್ದೆ, ಅಂದರೆ ಫೆಮಾ, ನಿನ್ನ ಉದ್ದೇಶ ನೋಡುತ್ತದೆ. ಇಲ್ಲೇ ನೆಲೆಸಲು ಬಂದವಳು ಬಂದ ದಿನದಿಂದಲೇ ಅದರ ಪ್ರಕಾರ ಭಾರತದ ನಿವಾಸಿ. ತೆರಿಗೆಯಲ್ಲಿ ಮೂರು ವರ್ಷದ ಸಡಿಲ ಇದ್ದರೂ ಬ್ಯಾಂಕಿನಲ್ಲಿ ಒಂದು ದಿನದ್ದೂ ಇಲ್ಲ. ಎನ್‌ಆರ್‌ಇ ಖಾತೆ ಅನಿವಾಸಿಗಳದ್ದು. ನೀನು ಬಂದ ಮೇಲೆ ಬ್ಯಾಂಕಿಗೆ ತಿಳಿಸಿ ಅದನ್ನು ಸಾಮಾನ್ಯ ಖಾತೆಯಾಗಿ ಬದಲಾಯಿಸಬೇಕು, ಇಲ್ಲವೇ ದುಡ್ಡನ್ನು ಆರ್‌ಎಫ್‌ಸಿ ಖಾತೆಗೆ ಸಾಗಿಸಬೇಕು.

ಮಗಳು: ನನ್ನ ಜೊತೆ ಕೆಲಸ ಮಾಡ್ತಿದ್ದವರು ಬಂದು ನಾಲ್ಕು ವರ್ಷ ಆಯಿತು, ಎನ್‌ಆರ್‌ಇ ಎಫ್‌ಡಿ ಹಾಗೇ ಇಟ್ಟಿದ್ದಾರೆ. ಬಡ್ಡಿಗೆ ತೆರಿಗೆ ಇಲ್ಲ, ಬ್ಯಾಂಕಿನವರೂ ಕೇಳಿಲ್ಲ.

ಚಿಕ್ಕಪ್ಪ: ಬ್ಯಾಂಕಿನವರು ಕೇಳುವುದಿಲ್ಲ, ನೀನು ಹೇಳಬೇಕು. ಎನ್‌ಆರ್‌ಇ ಬಡ್ಡಿಗೆ ವಿನಾಯಿತಿ ಇರುವುದು ಫೆಮಾ ಪ್ರಕಾರ ಹೊರಗಿರುವವರಿಗೆ. ನೆಲೆಸಲು ಬಂದ ದಿನಕ್ಕೆ ಆ ವಿನಾಯಿತಿ ಮುಗಿಯಿತು, ಎಫ್‌ಡಿ ಇನ್ನೂ ಹಳೆಯ ಹೆಸರಲ್ಲಿದ್ದರೂ ಅಷ್ಟೇ. ಬ್ಯಾಂಕು ಟಿಡಿಎಸ್ ಹಿಡಿಯದ ಕಾರಣ ತೆರಿಗೆಯೇ ಇಲ್ಲ ಅಂದುಕೊಂಡು, ವರ್ಷಗಟ್ಟಲೆ ಆ ಬಡ್ಡಿಯನ್ನು ತೋರಿಸದೇ ಇರುತ್ತಾರೆ. ಆಮೇಲೆ ಬಡ್ಡಿ ಮೇಲೆ ಬಡ್ಡಿ ಕಟ್ಟಬೇಕಾಗುತ್ತದೆ, ಜೊತೆಗೆ ಫೆಮಾ ಉಲ್ಲಂಘನೆ ಬೇರೆ. ನಿನ್ನ 40 ಲಕ್ಷದ ಬಡ್ಡಿಯನ್ನು ಜೂನ್ 15ಕ್ಕೆ ಎರಡು ಭಾಗ ಮಾಡು. ಅದಕ್ಕೆ ಮುಂಚಿನದು ವಿನಾಯಿತಿ, ನಂತರದ್ದು ಆದಾಯ.

ಮಗಳು: ಆರ್‌ಎಫ್‌ಸಿ ಅಂದರೆ ಡಾಲರಿನಲ್ಲೇ ಇಡುವುದಾ?

ಚಿಕ್ಕಪ್ಪ: ಹೌದು, ಊರಿಗೆ ಮರಳಿದವರಿಗೆಂದೇ ಇರುವ ಖಾತೆ. ಹೊರಗಿನಿಂದ ತಂದ ದುಡ್ಡನ್ನು ವಿದೇಶಿ ಕರೆನ್ಸಿಯಲ್ಲೇ ಇಡಬಹುದು, ಬೇಕಾದಾಗ ಮತ್ತೆ ಹೊರಗೆ ಕಳಿಸಬಹುದು. ಆರ್‌ಎನ್‌ಓಆರ್ ಇರುವವರೆಗೆ ಅದರ ಬಡ್ಡಿಗೆ ತೆರಿಗೆ ಇಲ್ಲ. ನಿನ್ನ ಎಫ್‌ಸಿಎನ್‌ಆರ್ ಠೇವಣಿಯನ್ನೂ ಅವಧಿ ಮುಗಿಯುವವರೆಗೆ ಅದೇ ಬಡ್ಡಿ ದರದಲ್ಲಿ ಮುಂದುವರಿಸಬಹುದು, ಮುಗಿದ ಮೇಲೆ ಆರ್‌ಎಫ್‌ಸಿಗೆ ಹಾಕು. ಮಗನನ್ನು ಮುಂದೆ ಹೊರಗೆ ಓದಿಸುವ ಯೋಚನೆ ಇದ್ದರೆ, ಇಲ್ಲವೇ ವಾಪಸು ಹೋಗುವ ಸಾಧ್ಯತೆ ಇದ್ದರೆ, ಒಂದಷ್ಟನ್ನು ಹೀಗೆ ಡಾಲರಿನಲ್ಲಿ ಇಡುವುದು ಒಳ್ಳೆಯದು. ಮನೆ ಕಟ್ಟುವ ದುಡ್ಡಾದರೆ ರೂಪಾಯಿಗೇ ಬದಲಾಯಿಸಿಕೋ.

ಮಗಳು: ಅಮೆರಿಕದ ಖಾತೆಗಳ ಕಥೆ ಏನು? ನಿವಾಸಿ ಆದ ಮೇಲೆ ಅವನ್ನು ಇಟ್ಟುಕೊಳ್ಳುವಂತಿಲ್ಲ ಅಂತ ಯಾರೋ ಹೇಳಿದ್ದರು. ಅದಕ್ಕೇ ಎಲ್ಲ ಮುಚ್ಚುವ ಅವಸರ ಮಾಡಿದ್ದು.

ಚಿಕ್ಕಪ್ಪ: ಇಟ್ಟುಕೊಳ್ಳಬಹುದು. ಹೊರಗೆ ವಾಸವಿದ್ದಾಗ ಗಳಿಸಿದ ಹಣ, ಷೇರು, ಆಸ್ತಿಯನ್ನು ನಿವಾಸಿಯಾದ ಮೇಲೂ ಅಲ್ಲೇ ಇಟ್ಟುಕೊಳ್ಳಲು ಫೆಮಾದ 6(4)ನೇ ಕಲಮು ಒಪ್ಪುತ್ತದೆ. ಮಾರಿದ ದುಡ್ಡನ್ನು ಇಲ್ಲಿಗೆ ತರಲೇಬೇಕು ಅಂತಲೂ ಇಲ್ಲ. ಹಾಗಾಗಿ ಅವಸರ ಬೇಡ. ಅಲ್ಲಿನ ಒಂದು ಬ್ಯಾಂಕ್ ಖಾತೆಯಂತೂ ಇರಲೇಬೇಕು. ಕೊನೆಯ ಸಂಬಳ, ತೆರಿಗೆ ರೀಫಂಡ್, ಷೇರು ಮಾರಿದ ಹಣ ಬರುವುದು ಅದಕ್ಕೇ. ಆದರೆ ಕೆಲವು ಸಂಸ್ಥೆಗಳು ಭಾರತದ ವಿಳಾಸ ಕೊಟ್ಟವರ ಖಾತೆಯನ್ನು ಒಪ್ಪುವುದಿಲ್ಲ, ಕೆಲವು ಮಾರಲು ಮಾತ್ರ ಬಿಡುತ್ತವೆ. ಇನ್ನೂ ಅಲ್ಲಿರುವಾಗಲೇ ಪ್ರತಿಯೊಂದು ಸಂಸ್ಥೆಗೂ ಫೋನ್ ಮಾಡಿ ಕೇಳು. ಒಪ್ಪದಿದ್ದರೆ ಒಪ್ಪುವ ಕಡೆಗೆ ಷೇರುಗಳನ್ನು ಮಾರದೆ ಹಾಗೇ ವರ್ಗ ಮಾಡಿಸು. ಒನ್ ಟೈಮ್ ಪಾಸ್‌ವರ್ಡ್ ಬರುವ ಫೋನ್ ನಂಬರನ್ನೂ ಉಳಿಸಿಕೋ. ಇಲ್ಲಿಗೆ ಬಂದ ಮೇಲೆ ನಂಬರ್ ಹೋಯಿತು ಅಂತ ಖಾತೆಗೆ ಒಳಗೇ ಹೋಗಲಾರದೆ ತಿಂಗಳುಗಟ್ಟಲೆ ಕಷ್ಟಪಟ್ಟವರು ನನ್ನ ಆಫೀಸಿಗೆ ಬರುತ್ತಲೇ ಇರುತ್ತಾರೆ.

ಮಗಳು: ಷೇರುಗಳನ್ನು ಯಾವಾಗ ಮಾರಲಿ?

ಚಿಕ್ಕಪ್ಪ: 2027ರ ಜನವರಿಯಲ್ಲಿ.

ಮಗಳು: ಅಷ್ಟು ಖಚಿತವಾಗಿ?

ಚಿಕ್ಕಪ್ಪ: ಎರಡು ದೇಶದ ಕ್ಯಾಲೆಂಡರ್ ಅಕ್ಕಪಕ್ಕ ಇಟ್ಟು ನೋಡು. ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. 2026ರಲ್ಲಿ ಜೂನ್‌ವರೆಗೆ ನೀನು ಅಲ್ಲಿನ ತೆರಿಗೆ ನಿವಾಸಿ. ಹೊರಡುವ ಮುಂಚೆ ಮಾರಿದರೆ ನಿನ್ನ ಸಂಬಳದವರಿಗೆ ದೀರ್ಘಾವಧಿ ಲಾಭದ ಮೇಲೆ ಸಾಮಾನ್ಯವಾಗಿ ನೂರಕ್ಕೆ 15 ಫೆಡರಲ್ ತೆರಿಗೆ. 70,000ಕ್ಕೆ 10,500 ಡಾಲರ್. ರಾಜ್ಯದ ತೆರಿಗೆ ಬೇರೆ. ಹೊರಟ ಮೇಲೆ ಅನಿವಾಸಿ. ಅನಿವಾಸಿಗಳು ಷೇರು ಮಾರಿ ಮಾಡಿದ ಲಾಭಕ್ಕೆ ಅಮೆರಿಕ ಸಾಮಾನ್ಯವಾಗಿ ತೆರಿಗೆ ಹಾಕುವುದಿಲ್ಲ. ಆದರೆ 2026 ಅರ್ಧ ನಿವಾಸಿ ಅರ್ಧ ಅನಿವಾಸಿ ಆಗಿರುವ ವರ್ಷ. ಯಾವ ದಿನ ನಿವಾಸ ಮುಗಿಯಿತು ಅನ್ನುವುದಕ್ಕೆ ಕಾಗದಪತ್ರ ತೋರಿಸಿ ವಾದಿಸಬೇಕಾಗಬಹುದು. 2027ರಲ್ಲಿ ಆ ಗೊಂದಲವೇ ಇಲ್ಲ, ಮೊದಲ ದಿನದಿಂದಲೇ ನೀನು ಅನಿವಾಸಿ. ಆ ವರ್ಷ ಅಲ್ಲಿಗೆ ಹೋಗಬೇಕಾಗಿ ಬಂದರೂ ಮೂವತ್ತು ದಿನದೊಳಗೆ ಮುಗಿಸು. ಇತ್ತ ನಮ್ಮ ಲೆಕ್ಕದಲ್ಲಿ ನೀನು ಆರ್‌ಎನ್‌ಓಆರ್. ಹೀಗೆ 70,000 ಡಾಲರ್ ಲಾಭಕ್ಕೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಮಗಳು: 2029ರ ಏಪ್ರಿಲ್ ದಾಟಿ ಮಾರಿದರೆ?

ಚಿಕ್ಕಪ್ಪ: ಆಗ ನೀನು ಪೂರ್ಣ ನಿವಾಸಿ. ಈಗಿನ ದರದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ವಿದೇಶಿ ಷೇರಿನ ಲಾಭಕ್ಕೆ ನೂರಕ್ಕೆ 12.5, ಅದರ ಮೇಲೆ ಸೆಸ್. ನಿನ್ನ 70,000ಕ್ಕೆ ಹತ್ತಿರ ಹತ್ತಿರ 9,100 ಡಾಲರ್. ಇನ್ನೊಂದು ಮಾತು, ನೀನು ಖರೀದಿಸಿದ್ದು ಡಾಲರಿನಲ್ಲಾದರೂ ಇಲ್ಲಿ ಲೆಕ್ಕ ರೂಪಾಯಿಯಲ್ಲಿ. ಅಂದು ಕೊಂಡ ದಿನದ ಡಾಲರ್ ದರಕ್ಕೂ ಮಾರುವ ದಿನದ ದರಕ್ಕೂ ಇರುವ ಅಂತರ ಕೂಡ ಲಾಭವಾಗಿ ಕಾಣುತ್ತದೆ. ಹಾಗಾಗಿ ತೆರಿಗೆ ಇನ್ನೂ ಹೆಚ್ಚೇ ಆಗುತ್ತದೆ.

ಮಗಳು: ಜನವರಿಯಲ್ಲಿ ಮಾರಿ, ದುಡ್ಡನ್ನು ನೇರವಾಗಿ ಮೈಸೂರಿನ ಖಾತೆಗೆ ಹಾಕಿಸಿಕೊಂಡರೆ ಆಯಿತಲ್ಲ.

ಚಿಕ್ಕಪ್ಪ: ಅಲ್ಲೇ ಎಚ್ಚರ. ಮೊದಲ ಸಲ ಕೈಗೆ ಬಂದದ್ದು ಭಾರತದಲ್ಲಾದರೆ ಅದು ಇಲ್ಲಿನ ತೆರಿಗೆಗೆ ಒಳಪಡುತ್ತದೆ, ಆರ್‌ಎನ್‌ಓಆರ್ ಇದ್ದರೂ. ಮಾರಿದ ಹಣ ಮೊದಲು ಅಮೆರಿಕದ ಬ್ಯಾಂಕ್ ಖಾತೆಗೆ ಬರಲಿ. ಆಮೇಲೆ ಅಲ್ಲಿಂದ ಇಲ್ಲಿಗೆ ಕಳಿಸಿದರೆ ಅದು ನಿನ್ನದೇ ದುಡ್ಡಿನ ವರ್ಗಾವಣೆ, ಆದಾಯ ಅಲ್ಲ. ಮಾರಿದ ದಿನದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಕಳಿಸಿದ ರಸೀದಿ, ಮೂರನ್ನೂ ಒಟ್ಟಿಗೆ ಇಡು. ಮಾರುವ ಮುಂಚೆ ಬ್ರೋಕರೇಜಿನವರಿಗೆ ಡಬ್ಲ್ಯೂ-8ಬೆನ್ ಅನ್ನುವ ನಮೂನೆ ತುಂಬಿ ಕೊಡು. ನೀನು ಅನಿವಾಸಿ, ಭಾರತದವಳು ಅಂತ ಅದರಿಂದ ಅವರ ದಾಖಲೆಗೆ ಹೋಗುತ್ತದೆ. ಅದಾದ ಮೇಲೆ ಲಾಭಾಂಶಕ್ಕೆ ಒಪ್ಪಂದದ ದರ ನೂರಕ್ಕೆ 25 ಹಿಡಿಯುತ್ತಾರೆ, ಮಾರಿದ ಲಾಭಕ್ಕೆ ಹಿಡಿಯುವುದಿಲ್ಲ.

ಮಗಳು: ಮಾರಿ ಮತ್ತೆ ಅದೇ ಫಂಡನ್ನು ಕೊಳ್ಳಬಹುದಾ? ಆ ಫಂಡಿನ ಮೇಲೆ ನನಗೆ ನಂಬಿಕೆ ಇದೆ.

ಚಿಕ್ಕಪ್ಪ: ಕೊಳ್ಳಬಹುದು, ಹೊಸ ಬೆಲೆಯಿಂದ ಲೆಕ್ಕ ಶುರುವಾಗುತ್ತದೆ. ಆದರೆ ನಾನು ಬೇಡ ಅನ್ನುತ್ತೇನೆ. ಕಾರಣ, ಅಮೆರಿಕದ ಎಸ್ಟೇಟ್ ತೆರಿಗೆ. ಮನುಷ್ಯ ತೀರಿಕೊಂಡ ಮೇಲೆ ಬಿಟ್ಟುಹೋದ ಆಸ್ತಿಯ ಮೇಲೆ ಹಾಕುವ ತೆರಿಗೆ ಅದು. ಅಲ್ಲಿನವರಿಗೆ ಭಾರಿ ವಿನಾಯಿತಿ ಇದೆ, ನಿನ್ನಂಥ ಅನಿವಾಸಿಗೆ ಬರೀ 60,000 ಡಾಲರ್. ಅದರ ಮೇಲಿನದಕ್ಕೆ ದರ ನೂರಕ್ಕೆ 40ರವರೆಗೂ ಏರುತ್ತದೆ. ಗಂಡ ಹೆಂಡತಿ ಅನ್ನುವ ವಿನಾಯಿತಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ನಮಗೂ ಅವರಿಗೂ ಈ ತೆರಿಗೆಯ ಬಗ್ಗೆ ಒಪ್ಪಂದ ಇಲ್ಲ. ಅಮೆರಿಕದ ಕಂಪನಿಗಳ ಷೇರು, ಅಲ್ಲಿ ನೋಂದಾಯಿಸಿದ ಫಂಡು, 401ಕೆ, ಎಲ್ಲವೂ ಇದರೊಳಗೆ ಬರುತ್ತವೆ. ಬ್ಯಾಂಕಿನಲ್ಲಿ ಇಟ್ಟ ಸಾಮಾನ್ಯ ಠೇವಣಿ ಬರುವುದಿಲ್ಲ. ಇದು ಕೇಳಲು ಹಿತವಾದ ಮಾತಲ್ಲ, ಆದರೆ ಹೇಳದೆ ಇರಲಾರೆ. ಬ್ರೋಕರೇಜಿನಲ್ಲಿರುವುದನ್ನು ಮಾರಿ ಹೊರತೆಗೆದರೆ ಈ ಅಪಾಯ ಅಷ್ಟರಮಟ್ಟಿಗೆ ಇಳಿಯುತ್ತದೆ.

ಮಗಳು: 401ಕೆ ಕೂಡ ಅದರಲ್ಲಿ ಬರುತ್ತೆ ಅಂದಿರಿ. ಹಾಗಾದರೆ ಅದನ್ನೂ ಆರ್‌ಎನ್‌ಓಆರ್ ಅವಧಿಯಲ್ಲೇ ತೆಗೆದುಬಿಡಬೇಕಲ್ಲ? ಇಲ್ಲಿ ತೆರಿಗೆ ಇಲ್ಲ ಅಂತ ನೀವೇ ಹೇಳಿದಿರಿ.

ಚಿಕ್ಕಪ್ಪ: ಇಲ್ಲಿ ಇಲ್ಲ, ಅಲ್ಲಿ ಇದೆ. ಷೇರಿನ ಲಾಭದ ಹಾಗಲ್ಲ ಇದು. ಅಲ್ಲಿ ದುಡಿದ ಸಂಬಳದಿಂದ ತೆರಿಗೆ ಕಟ್ಟದೆ ಹಾಕಿದ ದುಡ್ಡು, ತೆಗೆಯುವಾಗ ಅಮೆರಿಕ ಕೇಳಿಯೇ ಕೇಳುತ್ತದೆ. ಅನಿವಾಸಿಗೆ ಕೊಡುವಾಗ ಸಾಮಾನ್ಯವಾಗಿ ನೂರಕ್ಕೆ 30 ಹಿಡಿದುಕೊಂಡೇ ಕೊಡುತ್ತಾರೆ. ಐವತ್ತೊಂಬತ್ತೂವರೆ ವಯಸ್ಸು ತುಂಬುವ ಮುಂಚೆ ತೆಗೆದರೆ ಅದರ ಮೇಲೆ ನೂರಕ್ಕೆ 10 ದಂಡ. ನಿನ್ನ 2,60,000ದಲ್ಲಿ 78,000 ಮೊದಲೇ ಹಿಡಿಯುತ್ತಾರೆ, ದಂಡ 26,000. ಕೊನೆಯ ಲೆಕ್ಕ ರಿಟರ್ನ್ ಸಲ್ಲಿಸಿದಾಗ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಆದರೆ ದಂಡ ಹೋದದ್ದು ಹೋದದ್ದೇ. ಊರಿಗೆ ಬಂದ ಸಂಭ್ರಮದಲ್ಲಿ ಸೈಟು ಕೊಳ್ಳಲು ಅಂತ ಇದನ್ನು ಒಡೆದವರನ್ನು ನೋಡಿದ್ದೇನೆ. ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬಿಟ್ಟುಕೊಟ್ಟು ತಂದ ದುಡ್ಡು ಅದು.

ಮಗಳು: ಹಾಗಾದರೆ ಹದಿನೆಂಟು ವರ್ಷ ಅಲ್ಲೇ ಬಿಡಬೇಕಾ?

ಚಿಕ್ಕಪ್ಪ: ಬಿಡು. ಹಳೆಯ ಕಂಪನಿಯ ಯೋಜನೆಯಲ್ಲೇ ಬಿಡಬಹುದು, ಇಲ್ಲವೇ ಐಆರ್‌ಎಗೆ ವರ್ಗ ಮಾಡಬಹುದು. ವರ್ಗ ಮಾಡಿದರೆ ಸಂಸ್ಥೆಯಿಂದ ಸಂಸ್ಥೆಗೆ ನೇರವಾಗಿ ಹೋಗಬೇಕು. ಚೆಕ್ ನಿನ್ನ ಹೆಸರಿಗೆ ಬಂತೋ, ನೂರಕ್ಕೆ 20 ಕಡ್ಡಾಯವಾಗಿ ಹಿಡಿಯುತ್ತಾರೆ. ಇದನ್ನು ಅಲ್ಲಿರುವಾಗಲೇ ಮುಗಿಸು, ಭಾರತದ ವಿಳಾಸ ಕೊಟ್ಟ ಮೇಲೆ ಹೊಸ ಐಆರ್‌ಎ ತೆರೆಯುವುದು ಕಷ್ಟ. ವಯಸ್ಸು ತುಂಬಿದ ಮೇಲೆ ಒಟ್ಟಿಗೆ ತೆಗೆಯದೆ ಪಿಂಚಣಿಯ ಹಾಗೆ ಕಾಲಕಾಲಕ್ಕೆ ಅಷ್ಟಷ್ಟೇ ತಗೋ. ಭಾರತ ಅಮೆರಿಕ ತೆರಿಗೆ ಒಪ್ಪಂದದ ಇಪ್ಪತ್ತನೆಯ ವಿಧಿಯ ಪ್ರಕಾರ ಹಿಂದಿನ ಸೇವೆಗೆ ಕಾಲಕಾಲಕ್ಕೆ ಬರುವ ಪಿಂಚಣಿಗೆ ವಾಸವಿರುವ ದೇಶದಲ್ಲಿ ಮಾತ್ರ ತೆರಿಗೆ. ಒಂದೇ ಗಂಟಾಗಿ ತೆಗೆದರೆ ಆ ವಿಧಿ ಸಲ್ಲುತ್ತದೆಯೇ ಅನ್ನುವುದರಲ್ಲಿ ತಕರಾರು ಬರುತ್ತದೆ.

ಮಗಳು: ಆದರೆ 2029ರಿಂದ ನಾನು ಪೂರ್ಣ ನಿವಾಸಿ. 401ಕೆ ಒಳಗೆ ವರ್ಷ ವರ್ಷ ಬೆಳೆಯುವ ದುಡ್ಡಿಗೆ ಇಲ್ಲಿ ತೆರಿಗೆ ಕೇಳೋದಿಲ್ವಾ? ಕೈಗೆ ಬಾರದ ದುಡ್ಡಿಗೆ ಎಲ್ಲಿಂದ ಕಟ್ಟಲಿ?

ಚಿಕ್ಕಪ್ಪ: ಇದೇ ತೊಂದರೆಗೆ 2021ರ ಹಣಕಾಸು ಕಾಯ್ದೆ ಪರಿಹಾರ ತಂದಿತು. ಹಳೆಯ ಕಾಯ್ದೆಯಲ್ಲಿ ಅದು 89ಎ ಕಲಮು, ಅದರ ನಮೂನೆ 10-ಇಇ. ಅಮೆರಿಕ, ಬ್ರಿಟನ್, ಕೆನಡಾ ಈ ಮೂರು ದೇಶದ ನಿವೃತ್ತಿ ಖಾತೆಗಳಿಗೆ ಅನ್ವಯ. ಆ ನಮೂನೆ ಕೊಟ್ಟರೆ ಖಾತೆಯೊಳಗೆ ಬೆಳೆದದ್ದಕ್ಕೆ ಪ್ರತಿವರ್ಷ ತೆರಿಗೆ ಇಲ್ಲ, ಅಲ್ಲಿ ತೆಗೆದ ವರ್ಷ ಇಲ್ಲೂ ತೆರಿಗೆ. ಎರಡು ದೇಶದ ತೆರಿಗೆ ಒಂದೇ ವರ್ಷಕ್ಕೆ ಬರುವುದರಿಂದ ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆದುಕೊಳ್ಳಬಹುದು. ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾದರೂ ಸೌಲಭ್ಯ ಇದೆ. ಪೂರ್ಣ ನಿವಾಸಿಯಾದ ಮೊದಲ ವರ್ಷದ ರಿಟರ್ನ್ ಗಡುವಿನೊಳಗೆ ನಮೂನೆ ಹೋಗಬೇಕು.

ಮಗಳು: ಅದರಲ್ಲಿ ತೊಡಕೇನಾದರೂ ಇದೆಯಾ?

ಚಿಕ್ಕಪ್ಪ: ಎರಡಿದೆ. ಒಮ್ಮೆ ಆಯ್ಕೆ ಮಾಡಿದರೆ ಹಿಂತೆಗೆಯುವಂತಿಲ್ಲ, ಮುಂದಿನ ಎಲ್ಲ ವರ್ಷಕ್ಕೂ ಅದೇ. ನಂತರ ನೀನು ಮತ್ತೆ ಹೊರದೇಶಕ್ಕೆ ಹೋಗಿ ಅನಿವಾಸಿಯಾದರೆ, ಆಯ್ಕೆಯೇ ಮಾಡಿರಲಿಲ್ಲ ಅಂತ ಕಾನೂನು ಭಾವಿಸುತ್ತದೆ. ನಡುವಿನ ವರ್ಷಗಳಲ್ಲಿ ಬೆಳೆದದ್ದಕ್ಕೆಲ್ಲ ಒಟ್ಟಿಗೆ ತೆರಿಗೆ ಬೀಳುತ್ತದೆ. 2029ರ ಹೊತ್ತಿಗೆ ಇಲ್ಲೇ ಉಳಿಯುತ್ತೀರೋ ಇಲ್ಲವೋ ಅನ್ನುವುದು ನಿಮಗೆ ಗೊತ್ತಾಗಿರುತ್ತದೆ, ಆಗ ಕೂತು ತೀರ್ಮಾನ ಮಾಡೋಣ.

ಮಗಳು: ರಾತ್ ಐಆರ್‌ಎ? ಅದಕ್ಕೆ ಅಲ್ಲಿ ತೆಗೆಯುವಾಗ ತೆರಿಗೆಯೇ ಇಲ್ಲ. ಅದು ಎಲ್ಲಕ್ಕಿಂತ ಒಳ್ಳೆಯದು ಅಂತ ನಂಬಿದ್ದೆ.

ಚಿಕ್ಕಪ್ಪ: ಅಲ್ಲೇ ಇರುವವರಿಗೆ ಒಳ್ಳೆಯದು. ಇಲ್ಲಿಗೆ ಬಂದವರಿಗೆ ಅದೇ ಸಮಸ್ಯೆ. ಈಗ ಹೇಳಿದ ಸೌಲಭ್ಯ ಸಿಗುವುದು ಆ ದೇಶ ತೆಗೆಯುವಾಗ ತೆರಿಗೆ ಹಾಕುವ ಖಾತೆಗೆ. ರಾತ್‌ಗೆ ಅಲ್ಲಿ ತೆರಿಗೆ ಇಲ್ಲದ ಕಾರಣ ಅದು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ರಾತ್ ತೆರಿಗೆಮುಕ್ತ ಅನ್ನುವ ಮಾತು ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಪೂರ್ಣ ನಿವಾಸಿಯಾದ ಮೇಲೆ ಅದರ ಬೆಳವಣಿಗೆಗೆ ಇಲ್ಲಿ ತೆರಿಗೆ ಕಟ್ಟಬೇಕಾದ ಸ್ಥಿತಿ ಬರುತ್ತದೆ. ನೀನು ಹಾಕಿದ 24,000ವನ್ನು ಯಾವ ವಯಸ್ಸಿನಲ್ಲೂ ತೆರಿಗೆ, ದಂಡ ಎರಡೂ ಇಲ್ಲದೆ ತೆಗೆಯಬಹುದು. ಮೊದಲು ಹೊರಬರುವುದು ಅದೇ ಅಂತ ಅಲ್ಲಿನ ನಿಯಮವೇ ಇದೆ. 2029ರ ಮಾರ್ಚ್‌ನೊಳಗೆ ಅಷ್ಟನ್ನು ತೆಗೆದುಕೋ. ಉಳಿದ 11,000 ಲಾಭದ ಭಾಗ, ಅದಕ್ಕೆ ಮಾತ್ರ ತೆರಿಗೆ ಮತ್ತು ದಂಡ. ಇಷ್ಟು ಸಣ್ಣ ಮೊತ್ತಕ್ಕೆ ಅದನ್ನೂ ಕಟ್ಟಿ ಮುಗಿಸಿದರೆ ಮುಂದೆ ಇಪ್ಪತ್ತು ವರ್ಷ ಅದರ ಲೆಕ್ಕ ಇಡುವುದು ತಪ್ಪುತ್ತದೆ.

ಮಗಳು: ಸೋಷಿಯಲ್ ಸೆಕ್ಯುರಿಟಿಗೆ ಹದಿನಾಲ್ಕು ವರ್ಷ ಕಟ್ಟಿದ್ದೇನೆ, ಅದು ಹೋದಂತೆಯೇ?

ಚಿಕ್ಕಪ್ಪ: ಇಲ್ಲ. ನಲವತ್ತು ಕ್ರೆಡಿಟ್, ಅಂದರೆ ಹತ್ತು ವರ್ಷದ ದುಡಿಮೆ ಆಗಿದ್ದರೆ ಹಕ್ಕು ಬಂತು. ನಿನಗೆ ಆಗಿದೆ. ನಿನ್ನ ತಮ್ಮ ಎಂಟು ವರ್ಷಕ್ಕೇ ಬಂದುಬಿಟ್ಟ, ಅವನಿಗೆ ಸಿಗುವುದಿಲ್ಲ. ಎರಡೂ ದೇಶದ ವರ್ಷ ಕೂಡಿಸುವ ಒಪ್ಪಂದ ನಮಗೂ ಅವರಿಗೂ ಇಲ್ಲ. ಹೊರಡುವ ಮುಂಚೆ ಅವರ ಜಾಲತಾಣದಿಂದ ನಿನ್ನ ದುಡಿಮೆಯ ದಾಖಲೆ ಇಳಿಸಿಕೋ.

ಮಗಳು: ಆರ್‌ಎನ್‌ಓಆರ್ ಮುಗಿದ ಮೇಲೆ ರಿಟರ್ನ್‌ನಲ್ಲಿ ಏನು ಬದಲಾಗುತ್ತೆ?

ಚಿಕ್ಕಪ್ಪ: ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಬೇಕು. ಆರ್‌ಎನ್‌ಓಆರ್ ವರ್ಷಗಳಲ್ಲಿ ಅದು ಬೇಡ, 2029-30ರಿಂದ ಬೇಕು. ಅಲ್ಲಿನ ಬ್ಯಾಂಕ್ ಖಾತೆಯಲ್ಲಿ ನೂರು ಡಾಲರ್ ಇದ್ದರೂ, 401ಕೆಯಿಂದ ಒಂದು ಪೈಸೆ ಬಾರದಿದ್ದರೂ ತೋರಿಸಬೇಕು. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಡಿ ದಂಡ 10 ಲಕ್ಷ ರೂಪಾಯಿ. ಸ್ಥಿರಾಸ್ತಿ ಬಿಟ್ಟು ಉಳಿದವೆಲ್ಲ ಸೇರಿ 20 ಲಕ್ಷ ಮೀರದಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡ ಇಲ್ಲ, ಆದರೆ ನಿನ್ನ 401ಕೆ ಒಂದೇ ಅದಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿನ ಖಾತೆಗಳ ವಿವರ ಎರಡು ಸರ್ಕಾರಗಳ ನಡುವೆ ವಿನಿಮಯವಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡ. ಜನವರಿಯಲ್ಲಿ ಮಾರಿ, ರಾತ್ ಮುಗಿಸಿ, ಅಲ್ಲಿ ಒಂದೇ ಬ್ಯಾಂಕ್ ಖಾತೆ ಉಳಿಸಿಕೊಂಡಿದ್ದರೆ ಆ ಹೊತ್ತಿಗೆ ನೀನು ತೋರಿಸಬೇಕಾದದ್ದು ಎರಡೇ ಸಾಲು, 401ಕೆ ಒಂದು, ಬ್ಯಾಂಕ್ ಖಾತೆ ಒಂದು.

ಮಗಳು: ಹಾಗಾದರೆ ಸಾಲಾಗಿ ಹೇಳ್ತೇನೆ, ತಪ್ಪಿದ್ದರೆ ತಿದ್ದಿ. ಹೊರಡುವ ಮುಂಚೆ ಖಾತೆಗಳ ವಿಳಾಸದ ವಿಚಾರ ಕೇಳಿ, ಬೇಕಾದರೆ 401ಕೆಯನ್ನು ಐಆರ್‌ಎಗೆ ವರ್ಗ ಮಾಡುವುದು. ಜೂನ್‌ನಲ್ಲಿ ಬಂದ ಕೂಡಲೇ ಊರಿನ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಬದಲಾಯಿಸುವುದು, ಆರ್‌ಎಫ್‌ಸಿ ತೆರೆಯುವುದು. 2027ರ ಜನವರಿಯಲ್ಲಿ ಷೇರು ಮಾರಿ, ಹಣ ಅಮೆರಿಕದ ಬ್ಯಾಂಕಿಗೆ ಬಂದ ಮೇಲೆ ಇಲ್ಲಿಗೆ ತರುವುದು. 2029ರ ಮಾರ್ಚ್‌ನೊಳಗೆ ರಾತ್ ಮುಗಿಸುವುದು. ಆಮೇಲೆ 401ಕೆಗೆ ಆ ನಮೂನೆ ಕೊಡುವುದು. ಆದರೆ ಅದರ ಮೇಲೆ ಎಸ್ಟೇಟ್ ತೆರಿಗೆಯ ಭಯ ಉಳಿದೇ ಇರುತ್ತಲ್ಲ?

ಚಿಕ್ಕಪ್ಪ: ಉಳಿಯುತ್ತದೆ. ಅದನ್ನು ತಪ್ಪಿಸಲು ಈಗಲೇ ಒಡೆದರೆ ನಷ್ಟ ಖಂಡಿತ, ಬಿಟ್ಟರೆ ನಷ್ಟ ಆಗಲೂಬಹುದು, ಆಗದೆಯೂ ಇರಬಹುದು. ನಲವತ್ತೊಂದು ವಯಸ್ಸಿನಲ್ಲಿ ಖಂಡಿತವಾದ ನಷ್ಟವನ್ನು ಆಯ್ದುಕೊಳ್ಳಬೇಡ. ಅದರ ಬದಲು ಆ ತೆರಿಗೆಯಷ್ಟು ಮೊತ್ತಕ್ಕೆ ಐವತ್ತೊಂಬತ್ತೂವರೆ ದಾಟುವವರೆಗೆ ಇಲ್ಲಿ ಒಂದು ಟರ್ಮ್ ವಿಮೆ ಮಾಡಿಸು. ಅದರ ಕಂತು ವರ್ಷಕ್ಕೆ ಕೆಲವು ಸಾವಿರ ರೂಪಾಯಿ. 401ಕೆಯಲ್ಲಿ ಗಂಡನ ಹೆಸರು ಬೆನಿಫಿಷಿಯರಿಯಾಗಿ ಇದೆಯೋ ನೋಡು, ಖಾತೆ ಸಂಖ್ಯೆ, ಸಂಸ್ಥೆಯ ಹೆಸರು ಅವರಿಗೂ ಗೊತ್ತಿರಲಿ. ಮಾರುವ ಮುಂಚೆ, ಬರುವ ಡಿಸೆಂಬರ್‌ನಲ್ಲಿ, ಅಮೆರಿಕದ ರಿಟರ್ನ್ ಮಾಡುವವರೊಬ್ಬರ ಹತ್ತಿರ ನಿನ್ನ ಹೊರಟ ದಿನಾಂಕ, ವೀಸಾ, ಅಲ್ಲಿದ್ದ ದಿನಗಳ ಪಟ್ಟಿ ಕೊಟ್ಟು ಅನಿವಾಸಿ ಅಂತ ಬರೆಸಿಕೋ. ಇಲ್ಲಿನ ದಿನಗಳ ಪಟ್ಟಿ ನನಗೆ ಕಳಿಸು, ಆ ಹನ್ನೊಂದು ದಿನ ನಿಜಕ್ಕೂ ಉಳಿದಿದೆಯೋ ಅಂತ ಪಾಸ್‌ಪೋರ್ಟ್ ಪುಟ ನೋಡಿ ನಾನೇ ಎಣಿಸುತ್ತೇನೆ.

ಮಗಳು: ಪುಟಗಳ ಫೋಟೋ ಇವತ್ತೇ ಕಳಿಸ್ತೇನೆ. ಅವರ ಪಾಸ್‌ಪೋರ್ಟಿನದ್ದೂ ಸೇರಿಸ್ತೇನೆ. ಇಬ್ಬರ ಲೆಕ್ಕವೂ ಬೇರೆ ಬೇರೆ ಆಗಲಿ.